ಗೊತ್ತಿದ್ದೂ ನಗುವುದೇಕೆ?

ನಗುವಿನ ಬಗ್ಗೆ ದಾರ್ಶನಿಕರು ಆಡಿದ ಮಾತುಗಳಲ್ಲಿ ಹೆಚ್ಚು ಬಾಳಿಕೆ ಬಂದದ್ದು ಇಮ್ಯಾನ್ಯುಯೆಲ್ ಕಾಂಟ್‌ನದು. 1790ರಲ್ಲಿ ಆತ ಹೇಳಿದ್ದರ ಸಾರ ಇಷ್ಟು: ಬಿಗಿಯಾಗಿ ಕಟ್ಟಿಕೊಂಡು ಬಂದ ನಿರೀಕ್ಷೆಯೊಂದು ತಟಕ್ಕನೆ ಏನೂ ಅಲ್ಲದ್ದಾಗಿಬಿಟ್ಟಾಗ ನಗು ಹುಟ್ಟುತ್ತದೆ. ಅಂದರೆ ನಗುವಿಗೆ ಬೆರಗು ಬೇಕು, ಮೊದಲೇ ಗೊತ್ತಿರಬಾರದು. ಆದರೆ ಹಾಸ್ಯ ಬರೆಯುವವರು ಅನಾದಿಯಿಂದ ಮಾಡಿಕೊಂಡು ಬಂದಿರುವ ಒಂದು ಕೆಲಸ ಈ ಮಾತಿಗೆ ಅಡ್ಡ ನಿಲ್ಲುತ್ತದೆ. ಒಂದೇ ಚಟ, ಒಂದೇ ಮಾತು, ಒಂದೇ ಕೊಡೆ ಅಥವಾ ಕೋಲು ಬರಹದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಏನು ಬರಲಿದೆ ಎಂಬುದು ಓದುಗನಿಗೆ ಚೆನ್ನಾಗಿ ಗೊತ್ತು. ಆದರೂ ನಗುತ್ತಾನೆ, ಎಷ್ಟೋ ಸಲ ಮೊದಲನೆಯ ಸಲಕ್ಕಿಂತ ನಾಲ್ಕನೆಯ ಸಲವೇ ಜೋರಾಗಿ ನಗುತ್ತಾನೆ. ಗೊತ್ತಿರುವುದು ನಗಿಸುವುದು ಹೇಗೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮರುಕಳಿಸುವ ಹಾಸ್ಯದಲ್ಲಿ ಮರುಕಳಿಸುವುದು ಜೋಕು ಅಲ್ಲ, ಒಂದು ನಿಯಮ. ಮೊದಲ ಎರಡು ಸಲದಲ್ಲಿ ಲೇಖಕ ಆ ನಿಯಮವನ್ನು ಓದುಗನಿಗೆ ಕಲಿಸುತ್ತಾನೆ. ಕಲಿತ ಮೇಲೆ ಬೆರಗು ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ‘ಏನಾಗುತ್ತದೆ’ ಎಂಬ ಕುತೂಹಲ ಹೋಗಿ ‘ಯಾವಾಗ, ಯಾವ ಸಂದಿಯಿಂದ’ ಎಂಬ ಕುತೂಹಲ ಬರುತ್ತದೆ.

ಇದನ್ನು ಪರೀಕ್ಷಿಸಲು ಮೋಲಿಯೇರ್‌ನ ‘ತಾರ್ತುಫ್’ ನಾಟಕಕ್ಕಿಂತ ಒಳ್ಳೆಯ ಜಾಗ ಸಿಗಲಾರದು. 1664ರಲ್ಲಿ ಮೊದಲು ರಂಗಕ್ಕೆ ಬಂದ ನಾಟಕ ಇದು. ಊರಿಗೆ ಹೋಗಿದ್ದ ಯಜಮಾನ ಓರ್ಗಾನ್ ಮನೆಗೆ ಮರಳುತ್ತಾನೆ, ಮನೆಯ ಸಮಾಚಾರ ಕೇಳುತ್ತಾನೆ. ಅಮ್ಮಾವರಿಗೆ ಜ್ವರ ಬಂದಿತ್ತು, ತಲೆ ಸಿಡಿಯುತ್ತಿತ್ತು ಎನ್ನುತ್ತಾಳೆ ಕೆಲಸದಾಕೆ ಡೊರೀನ್. ಓರ್ಗಾನ್ ಕೇಳುವುದು ಮಾತ್ರ ಮನೆಯಲ್ಲಿ ಬೀಡುಬಿಟ್ಟಿರುವ ಢೋಂಗಿ ಭಕ್ತ ತಾರ್ತುಫ್‌ನ ಕ್ಷೇಮವನ್ನು. ಆತ ದುಂಡುದುಂಡಗೆ, ಕೆಂಪುಕೆಂಪಗೆ ಇದ್ದಾನೆ ಎಂದು ಡೊರೀನ್ ಹೇಳಿದರೆ ಯಜಮಾನ ಪಾಪ ಎಂದು ಮರುಗುತ್ತಾನೆ. ಹೆಂಡತಿ ರಾತ್ರಿ ಏನೂ ಮುಟ್ಟಲಿಲ್ಲ. ತಾರ್ತುಫ್ ಅವಳೆದುರಿಗೇ ಎರಡು ಕೌಜುಗ, ಅರ್ಧ ಕುರಿತೊಡೆ ಮುಗಿಸಿದ. ಮತ್ತೆ ಅದೇ ಪ್ರಶ್ನೆ, ಅದೇ ಮರುಕ. ಹೆಂಡತಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಆತ ಊಟದಿಂದೆದ್ದು ನೇರ ಹಾಸಿಗೆಗೆ ಹೋಗಿ ಬೆಳಗಿನವರೆಗೆ ಮಲಗಿದ. ಮತ್ತೆ ಅದೇ. ಹೀಗೆ ನಾಲ್ಕು ಸಲ.

ನಾಲ್ಕು ಸಲವೂ ಯಜಮಾನನ ಮಾತು ಬದಲಾಗುವುದಿಲ್ಲ. ಬದಲಾಗುವುದು ಅದರ ಸುತ್ತಲಿನ ಸಂಗತಿ, ಅದೂ ಬೇಕಾಬಿಟ್ಟಿಯಾಗಿ ಅಲ್ಲ. ಮೊದಲ ಮೂರು ಸಲ ಹೆಂಡತಿಯ ಕಾಯಿಲೆಯೂ ಭಕ್ತನ ಭೋಗವೂ ಎರಡು ಬೇರೆ ಸಾಲುಗಳಾಗಿ ಅಕ್ಕಪಕ್ಕ ನಡೆಯುತ್ತವೆ. ನಾಲ್ಕನೆಯ ಸಲ ವೈದ್ಯರು ಹೆಂಡತಿಯ ರಕ್ತ ತೆಗೆಯುತ್ತಾರೆ. ಅಮ್ಮಾವರು ಕಳೆದುಕೊಂಡ ರಕ್ತವನ್ನು ತುಂಬಿಕೊಡಲೆಂದು ತಾರ್ತುಫ್ ಬೆಳಗಿನ ಉಪಾಹಾರಕ್ಕೆ ನಾಲ್ಕು ಪಾತ್ರೆ ದ್ರಾಕ್ಷಾರಸ ಕುಡಿಯುತ್ತಾನೆ. ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಎರಡು ಸಾಲು ಇಲ್ಲಿ ಒಂದಕ್ಕೊಂದು ಗಂಟು ಬೀಳುತ್ತವೆ. ಆ ಗಂಟು ಬಿದ್ದ ಮೇಲೆ ಐದನೆಯ ಸಲಕ್ಕೆ ಜಾಗವಿಲ್ಲ ಎಂಬುದು ಮೋಲಿಯೇರ್‌ಗೆ ಗೊತ್ತು. ತಾವು ಪಟ್ಟ ಕಾಳಜಿಯನ್ನು ಅಮ್ಮಾವರಿಗೆ ತಿಳಿಸುತ್ತೇನೆ ಎಂದು ಯಜಮಾನನಿಗೆ ಚುಚ್ಚಿ ಡೊರೀನ್ ಹೊರಟುಬಿಡುತ್ತಾಳೆ.

ಆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗುವಿನ ಕುರಿತ ಪುಸ್ತಕದಲ್ಲಿ ಈ ದೃಶ್ಯವನ್ನು ಎತ್ತಿಕೊಂಡಿದ್ದಾನೆ. ಒತ್ತಿದಷ್ಟೂ ಪುಟಿಯುವ ಸ್ಪ್ರಿಂಗ್ ಓರ್ಗಾನ್‌ನೊಳಗೆ ಇದೆ, ಜೀವಂತ ಮನುಷ್ಯ ಯಂತ್ರದಂತೆ ನಡೆದುಕೊಂಡಾಗ ನಾವು ನಗುತ್ತೇವೆ ಎಂಬುದು ಅವನ ವಾದ. ಅರ್ಧ ಸರಿ. ಆದರೆ ಆ ದೃಶ್ಯದಲ್ಲಿ ಯಂತ್ರವಾಗುವುದು ಓರ್ಗಾನ್ ಒಬ್ಬನೇ ಅಲ್ಲ. ಮೂರನೆಯ ಸಲದ ಹೊತ್ತಿಗೆ ಅವನ ಮಾತನ್ನು ಅವನಿಗಿಂತ ಮೊದಲೇ ನಮ್ಮ ಮನಸ್ಸು ಆಡಿಬಿಟ್ಟಿರುತ್ತದೆ. ಸ್ಪ್ರಿಂಗ್ ಈಗ ನಮ್ಮೊಳಗೂ ಇದೆ. ಪಾತ್ರವನ್ನು ಎತ್ತರದಲ್ಲಿ ನಿಂತು ನೋಡಿ ನಗುತ್ತಿದ್ದೇವೆ ಎಂದುಕೊಂಡವರು ಅಷ್ಟರಲ್ಲಿ ಅವನ ಸಾಲಿಗೇ ಸೇರಿರುತ್ತೇವೆ. ಮರುಕಳಿಸುವ ಹಾಸ್ಯದ ಸುಖದಲ್ಲಿ ದೊಡ್ಡ ಪಾಲು ಈ ಶಾಮೀಲಿನದು.

ಈ ಶಾಮೀಲನ್ನು ಬರಹಗಾರ ಕಟ್ಟುವ ಬಗೆಯನ್ನು ನೋಡಲು ಒಂದು ಮಾದರಿ ಮಾಡಿಕೊಳ್ಳೋಣ. ಒಂದು ಬೀದಿ, ಅಲ್ಲೊಬ್ಬ ರಾಗಣ್ಣ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬೀದಿಯವರು ಗೊಣಗಿದರೆ ಅವನು, “ಯೋಚನೆ ಬಿಡಿ, ನಮ್ಮ ಭಾವ ಇದ್ದಾರೆ ವಿಧಾನಸೌಧದಲ್ಲಿ” ಎನ್ನುತ್ತಾನೆ. ನೀರು ಬರುವುದಿಲ್ಲ. ಇದು ಮೊದಲ ಸಲ; ಇಲ್ಲಿ ನಗು ಇಲ್ಲ, ಇರಲೂಬಾರದು. ಬೀಜ ಹಾಕುವಾಗ ಅದು ಬೀಜ ಎಂದು ಓದುಗನಿಗೆ ತಿಳಿಯಕೂಡದು. ಸ್ವಲ್ಪ ಮುಂದೆ ಯಾರದೋ ಮಗಳಿಗೆ ಕಾಲೇಜು ಸೀಟು ಬೇಕಾಗಿದೆ, ಮತ್ತೆ ಭಾವ. ಈಗ ನಿಯಮ ಗೊತ್ತಾಯಿತು, ಓದುಗ ಮುಗುಳ್ನಗುತ್ತಾನೆ. ಮೂರನೆಯ ಸಲ ರಾಗಣ್ಣನ ಎದುರು ಮನೆಯವರಿಗೆ ಹಲ್ಲುನೋವು. ಇಲ್ಲಿ ಭಾವನ ಮಾತನ್ನು ಪೂರ್ತಿ ಬರೆಯುವ ಲೇಖಕ ದಡ್ಡ. “ರಾಗಣ್ಣ ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯವರು ಹಲ್ಲುನೋವು ಹೋಯಿತೆಂದರು” ಎಂದು ಬರೆದರೆ ಸಾಕು. ಆಡದೆ ಉಳಿದ ಮಾತನ್ನು ಓದುಗನೇ ತುಂಬಿಕೊಳ್ಳುತ್ತಾನೆ. ತಾನೇ ತುಂಬಿಕೊಂಡದ್ದಕ್ಕೆ ಮನುಷ್ಯ ಹೆಚ್ಚು ನಗುತ್ತಾನೆ.

ಇನ್ನು ಭಾವನನ್ನು ಮರೆಸಬೇಕು. ಎರಡು ಮೂರು ಪುಟ ಬೇರೆ ಕಥೆ ನಡೆಯಲಿ: ಗಣೇಶೋತ್ಸವದ ಚಂದಾ ಜಗಳ, ನಾಯಿ ಕಾಟ, ಏನಾದರೂ. ಹಾಸ್ಯ ಕಾರ್ಯಕ್ರಮ ಕೊಡುವವರು ‘ಕಾಲ್‌ಬ್ಯಾಕ್’ ಎನ್ನುವುದರ ಗುಟ್ಟು ಈ ಬಿಡುವಿನಲ್ಲಿದೆ. ಬಿಡುವು ಕಡಿಮೆಯಾದರೆ ಅದು ಬರೀ ಪುನರುಕ್ತಿ. ಹೆಚ್ಚಾದರೆ ಓದುಗ ಹಿಂದಿನ ಪುಟ ತಿರುವಬೇಕಾಗುತ್ತದೆ, ತಿರುವುತ್ತಾ ಯಾರೂ ನಗುವುದಿಲ್ಲ. ಭಾವನ ನೆನಪು ಮನಸ್ಸಿನ ಮುಂಭಾಗದಿಂದ ಸರಿದಿರಬೇಕು, ಮನೆ ಬಿಟ್ಟು ಹೋಗಿರಬಾರದು. ಆಗ ಒಂದು ಸಂಜೆ ಖುದ್ದು ಭಾವನೇ ಬೀದಿಗೆ ಬರುತ್ತಾರೆ. ಎಲ್ಲರೂ ಅರ್ಜಿ ಹಿಡಿದು ಸುತ್ತುಗಟ್ಟುತ್ತಾರೆ. ಭಾವ ಕಾಫಿ ಕುಡಿದು, ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ: “ಒಂದು ಪೆನ್ಷನ್ ಫೈಲು ನಿಂತುಬಿಟ್ಟಿದೆ. ನಿಮಗೆ ಯಾರಾದರೂ ಗೊತ್ತಾ, ವಿಧಾನಸೌಧದಲ್ಲಿ?”

ಮೋಲಿಯೇರ್‌ನ ನಾಲ್ಕನೆಯ ಸಲದಲ್ಲಿ ನಡೆದದ್ದೇ ಇಲ್ಲೂ ನಡೆದಿದೆ. ನಿಯಮ ಮುರಿದಿಲ್ಲ, ತಿರುಗಿ ತನ್ನನ್ನೇ ಕಚ್ಚಿದೆ. ಭಾವ ಬಂದು ನೀರು ಬಿಡಿಸಿದ್ದರೂ ಬೆರಗಾಗುತ್ತಿತ್ತು, ಆದರೆ ಅದು ಹೊರಗಿನಿಂದ ತಂದ ಬೆರಗು. ವಿಧಾನಸೌಧದಲ್ಲಿ ಒಬ್ಬರು ಇರಬೇಕು ಎಂಬ ನಂಬಿಕೆಗೆ ಭಾವನೂ ಬಲಿ ಎನ್ನುವುದು ಮೊದಲಿನಿಂದ ಒಳಗೇ ಇದ್ದದ್ದು. ಓದುಗನಿಗೆ ‘ಹೀಗಾಗುತ್ತದೆಂದು ಗೊತ್ತಿರಲಿಲ್ಲ’ ಎಂದೂ ‘ಹೀಗಲ್ಲದೆ ಇನ್ನು ಹೇಗಾಗಬೇಕಿತ್ತು’ ಎಂದೂ ಒಟ್ಟಿಗೇ ಅನಿಸಬೇಕು.

ಆದರೆ ಇಷ್ಟೆಲ್ಲ ಕಟ್ಟಿದ ಮೇಲೂ ಕೊನೆಯ ವಾಕ್ಯದಲ್ಲಿ ಎಲ್ಲ ಕೆಡಬಹುದು. ಅದೇ ಸಂಗತಿಯನ್ನು ಹೀಗೆ ಬರೆದು ನೋಡಿ: “ವಿಧಾನಸೌಧದಲ್ಲಿ ನಿಮಗೆ ಯಾರಾದರೂ ಗೊತ್ತೇ ಎಂದು ಭಾವನವರೇ ನಮ್ಮನ್ನು ಕೇಳಿದಾಗ ಎಲ್ಲರಿಗೂ ಆಶ್ಚರ್ಯವಾಯಿತು.” ಒಂದು ಸಂಗತಿಯೂ ಬಿಟ್ಟುಹೋಗಿಲ್ಲ, ನಗು ಮಾತ್ರ ಇಲ್ಲ. ಕೀಲಿಮಾತು ‘ವಿಧಾನಸೌಧ’ ವಾಕ್ಯದ ಬಾಗಿಲಲ್ಲೇ ಸಿಕ್ಕಿಬಿಟ್ಟಿತು. ಅದರ ಹಿಂದೆ ‘ಎಂದು ಕೇಳಿದಾಗ’ ಎಂಬ ಬಾಲ; ಬಾಲದ ತುದಿಗೆ ಓದುಗ ಪಡಬೇಕಾದ ಆಶ್ಚರ್ಯವನ್ನು ಲೇಖಕನೇ ಪಟ್ಟು ಮುಗಿಸಿದ್ದಾನೆ.

ಕನ್ನಡ ವಾಕ್ಯದ ಸಹಜ ನಡೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಗೆಬರಹಕ್ಕೆ ಇದು ವರವೂ ಹೌದು, ಕಾಟವೂ ಹೌದು. ನಗುವಿನ ತಿರುವು ಕ್ರಿಯಾಪದದಲ್ಲೇ ಇದ್ದರೆ ವರ. “ಆತ ಜೀವಮಾನದಲ್ಲಿ ಒಂದು ಸುಳ್ಳನ್ನೂ ಹೇಳದೆ ಬಿಡಲಿಲ್ಲ” ಎಂಬ ವಾಕ್ಯದಲ್ಲಿ ‘ಹೇಳದೆ’ ಎಂಬಲ್ಲಿಯವರೆಗೆ ಕೇಳುತ್ತಿರುವುದು ಸತ್ಯಸಂಧನೊಬ್ಬನ ಚರಿತ್ರೆ. ಕಡೆಯ ಪದ ಅವನನ್ನು ಮಗುಚಿ ಹಾಕುತ್ತದೆ. ‘ಇಲ್ಲ’ವನ್ನು ತುದಿಯವರೆಗೆ ಬಚ್ಚಿಡಲು ನಮ್ಮ ವ್ಯಾಕರಣವೇ ಜಾಗ ಮಾಡಿಕೊಟ್ಟಿದೆ. ಆದರೆ ತಿರುವು ನಾಮಪದದಲ್ಲಿದ್ದರೆ ಅದರ ಮೇಲೆ ‘ಇತ್ತು’, ‘ಆಯಿತು’, ‘ಎಂದರು’ ಎಂಬ ಸಪ್ಪೆ ಪದವೊಂದು ಬಂದು ಕೂರುತ್ತದೆ. ಆಗ ದಾರಿಗಳಿವೆ. ‘ಕೇಳಿದರು’ ಎಂಬುದನ್ನು ಮುಂದಕ್ಕೆ ತಂದು ಮಾತನ್ನು ಹಿಂದೆ ಬಿಡಬಹುದು. ‘ಅವರು ತಂದದ್ದು’ ಎಂದು ಶುರುಮಾಡಿ ವಸ್ತುವಿನ ಹೆಸರಿನಲ್ಲಿ ನಿಲ್ಲಿಸಬಹುದು. ಅಥವಾ ಮನೆಮಾತಿನಲ್ಲಿ ನಾವು ದಿನಾ ಮಾಡುವಂತೆ, ಮುಗಿದ ವಾಕ್ಯದ ಹಿಂದೆ ಪದವೊಂದನ್ನು ಅಂಟಿಸಬಹುದು. ಭಾವನ ಪ್ರಶ್ನೆಯಲ್ಲಿ ‘ವಿಧಾನಸೌಧದಲ್ಲಿ’ ಎಂಬುದು ‘ಗೊತ್ತಾ’ದ ಆಚೆಗೆ ಜಾರಿದ್ದು ಅದಕ್ಕೇ. ಅಲ್ಲಿರುವ ಅಲ್ಪವಿರಾಮವೇ ಆತ ದನಿ ತಗ್ಗಿಸಿದ ಕ್ಷಣ.

ಹಾಗೆ ನೋಡಿದರೆ ಬಿಡಿ ವಾಕ್ಯದಲ್ಲೂ ಇಡೀ ಬರಹದಲ್ಲೂ ನಡೆಯುವುದು ಒಂದೇ. ವ್ಯಾಕರಣ ಒಂದು ನಿರೀಕ್ಷೆಯನ್ನು ಕಟ್ಟುತ್ತದೆ, ಪಲ್ಲವಿಯಂತೆ ಮರಳುವ ಮಾತು ಇನ್ನೊಂದನ್ನು ಕಟ್ಟುತ್ತದೆ. ಎರಡೂ ಒಂದೇ ಪದದ ಮೇಲೆ ಬಂದು ಒಟ್ಟಿಗೆ ಕುಸಿದಾಗ ನಗು ಸಿಡಿಯುತ್ತದೆ. ಕಾಂಟ್ ಹೇಳಿದ ನಿರೀಕ್ಷೆ ಸುಳ್ಳಲ್ಲ. ಅದು ಎಷ್ಟು ಪುಟಗಳ ಹಿಂದಿನಿಂದ ಕಟ್ಟಿಕೊಂಡು ಬರಬಹುದು ಎಂಬ ಲೆಕ್ಕ ಅವನ ಮಾತಿನಲ್ಲಿಲ್ಲ, ಅಷ್ಟೆ.

ಇದಕ್ಕೊಂದು ಆಕ್ಷೇಪವಿದೆ. ನಮ್ಮ ಸಿನಿಮಾಗಳಲ್ಲಿ, ಧಾರಾವಾಹಿಗಳಲ್ಲಿ ಪಾತ್ರವೊಂದು ಬಂದಾಗಲೆಲ್ಲ ಅದೇ ಮಾತು ಆಡುತ್ತದೆ. ನಿಯಮ ಇದೆ, ಮರುಕಳಿಕೆ ಇದೆ, ನಗು ಮಾತ್ರ ಮೂರನೇ ದಿನಕ್ಕೆ ಹಳಸಿದೆ. ನಿಜ. ಅಲ್ಲಿ ಮಾತು ಮರಳುತ್ತದೆ, ಸನ್ನಿವೇಶ ಬೆಳೆಯುವುದಿಲ್ಲ. ಓರ್ಗಾನ್‌ನ ಪ್ರಶ್ನೆ ಪ್ರತಿ ಸಲವೂ ಹೆಂಡತಿ ಪಟ್ಟ ಪಾಡಿನ ಹೊಸ ಸುದ್ದಿಯೊಂದನ್ನು ಕೇಳಿದ ಮೇಲೆ ಬರುತ್ತದೆ. ಆದ್ದರಿಂದ ಅದೇ ಪ್ರಶ್ನೆ ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಕುರುಡಾಗಿ ಕಾಣುತ್ತದೆ. ಇನ್ನೊಂದು ಭೇದ ಇದಕ್ಕಿಂತ ಮುಖ್ಯ. ಭಾವನ ಹೆಸರು ಹೇಳುವುದು ರಾಗಣ್ಣ ಆರಿಸಿಕೊಂಡ ಚಟ. ತೊದಲು, ಕಪ್ಪು ಬಣ್ಣ, ದಪ್ಪ ದೇಹ, ಹಳ್ಳಿಯ ಉಚ್ಚಾರಣೆ ಯಾರೂ ಆರಿಸಿಕೊಂಡದ್ದಲ್ಲ. ಅವನ್ನು ಪಲ್ಲವಿ ಮಾಡಿದ ಲೇಖಕನೂ ಓದುಗನಿಗೆ ನಿಯಮವನ್ನು ಕಲಿಸುತ್ತಾನೆ, ಓದುಗನನ್ನು ಶಾಮೀಲು ಮಾಡಿಕೊಳ್ಳುತ್ತಾನೆ, ಆದರೆ ಒಂದು ಹಿಂಸೆಗೆ. ಮರುಕಳಿಕೆಗೆ ಕಲಿಸುವ ಶಕ್ತಿ ಇರುವುದರಿಂದಲೇ ಬಿಡಿ ಜೋಕಿಗಿಂತ ಅದರ ಹೊಣೆ ದೊಡ್ಡದು.

ನಗೆಬರಹ ಬರೆಯುವವರು ತಮ್ಮ ಕರಡಿನ ಮೇಲೆ ಎರಡು ಪರೀಕ್ಷೆ ಮಾಡಿ ನೋಡಲಿ. ಮರಳಿ ಬರುವ ಮಾತಿನ ಒಂದು ಸಲವನ್ನು ಹೊಡೆದುಹಾಕಿ ಓದಿ. ಮುಂದಿನ ಸಲದ ನಗು ಕುಂದದಿದ್ದರೆ ಹೊಡೆದದ್ದು ಹೊಡೆದಂತೆಯೇ ಇರಲಿ. ಆಮೇಲೆ ನಗಿಸಬೇಕಾದ ಪ್ರತಿ ವಾಕ್ಯದ ಕಡೆಯ ಪದಕ್ಕೆ ಗೆರೆ ಎಳೆಯಿರಿ. ಗೆರೆ ಬಿದ್ದದ್ದು ‘ಎಂದರು’, ‘ಆಯಿತು’ಗಳಿಗೇ ಆದರೆ ದೋಷ ಜೋಕಿನದಲ್ಲ, ಜಾಗದ್ದು, ವಾಕ್ಯವನ್ನು ಮತ್ತೆ ಬರೆಯಿರಿ.