ಲೋಡಿಂಗ್ ನಿಲ್ಲಿಸುವ ಅಧಿಕಾರ ಯಾರದು?

ಪೇಂಟ್ ಗೋದಾಮಿನ ವರ್ಷಾಂತ್ಯದ ಸ್ಟಾಕ್ ಎಣಿಕೆಯನ್ನು ನಾನು ಮೊದಲ ಸಲ ಕಿರಿಯ ಸಹೋದ್ಯೋಗಿಗೆ ವಹಿಸಿದ್ದು ಎರಡೇ ಸಾಲಿನ ಇಮೇಲ್‌ನಲ್ಲಿ: "ಈ ಸಲ ಎಣಿಕೆ ನೀವು ನೋಡಿಕೊಳ್ಳಿ. ಆದಷ್ಟು ಬೇಗ ಮುಗಿಸಿ." ಆಕೆ ಗೋದಾಮಿಗೆ ಹೋಗಿ ಲಾರಿಗೆ ಮಾಲು ತುಂಬುವುದನ್ನು ನಿಲ್ಲಿಸಿ ಎಂದಾಗ ಅಲ್ಲಿನ ಸೂಪರ್‌ವೈಸರ್, "ಸಾಹೇಬರು ಹೇಳಲಿ" ಅಂದರು. ನಾನು ಮೀಟಿಂಗ್‌ನಲ್ಲಿದ್ದೆ. ಒಂದು ಕಡೆ ಎಣಿಕೆ, ಇನ್ನೊಂದು ಕಡೆ ಮಾಲು ಹೊರಗೆ. ಲೆಕ್ಕ ತಾಳೆಯಾಗಲಿಲ್ಲ. ತಪ್ಪು ಆಕೆಯದಲ್ಲ, ನನ್ನ ಇಮೇಲ್‌ನದು.

ಮರುವರ್ಷ ಆಕೆಗೇ ಬರೆದ ಇಮೇಲ್‌ನ ವಿಷಯದ ಸಾಲಿನಲ್ಲೇ ಗಡುವು ಹಾಕಿದೆ: "ಸ್ಟಾಕ್ ಎಣಿಕೆ: ಏಪ್ರಿಲ್ 4, ಸಂಜೆ 5ರೊಳಗೆ ಪಟ್ಟಿ". ಒಳಗೆ ಹೀಗೆ ಬರೆದೆ:

"ಮಾರ್ಚ್ 31ರ ರಾತ್ರಿ ಗೋದಾಮಿನಲ್ಲಿ ಏನೆಷ್ಟು ಇತ್ತು, ಪುಸ್ತಕದ ಲೆಕ್ಕಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ, ಯಾಕೆ ಎನ್ನುವ ಪಟ್ಟಿ ಬೇಕು. ಏಪ್ರಿಲ್ 6ಕ್ಕೆ ಆಡಿಟರ್ ಬರುತ್ತಾರೆ, ಅದಕ್ಕೇ ಈ ಗಡುವು. ಹೇಗೆ ಎಣಿಸಬೇಕೆಂಬುದು ನಿಮಗೆ ಬಿಟ್ಟಿದ್ದು. ಮಾರ್ಚ್ 31ರ ಮಧ್ಯಾಹ್ನ 2ರಿಂದ ಲೋಡಿಂಗ್ ನಿಲ್ಲಿಸುವ ಅಧಿಕಾರ ನಿಮ್ಮದು. ಕೂಲಿಗೆ 8,000 ರೂಪಾಯಿವರೆಗೆ ನನ್ನನ್ನು ಕೇಳಬೇಕಿಲ್ಲ. ಪುಸ್ತಕದ ಲೆಕ್ಕ ತಿದ್ದುವುದಿದ್ದರೆ ಮಾತ್ರ ಕೇಳಿ."

ಇದರ ಪ್ರತಿ ಸೂಪರ್‌ವೈಸರ್‌ಗೂ ಹೋಯಿತು. ಅಧಿಕಾರ ಕೊಟ್ಟಿದ್ದು ಪಡೆದವರಿಗಷ್ಟೇ ಗೊತ್ತಿದ್ದರೆ ಸಾಲದು, ಅದಕ್ಕೆ ಒಪ್ಪಿ ನಡೆಯಬೇಕಾದವರಿಗೂ ಗೊತ್ತಿರಬೇಕು. ಹಣದ ಮಿತಿ, ಕೇಳದೆ ಮಾಡಬಾರದ ಕೆಲಸ ಎರಡನ್ನೂ ಬರೆದಿದ್ದರಿಂದ ಆಕೆಗೆ ಎಲ್ಲಿ ನಿಲ್ಲಬೇಕೆಂಬ ಅನುಮಾನವೂ ಉಳಿಯಲಿಲ್ಲ.

ನಡುವೆ ವಿಚಾರಿಸುವ ಹೊತ್ತನ್ನು "ದಿನಾ ಸಂಜೆ" ಎಂದು ಇಡಲಿಲ್ಲ. ತಪ್ಪಾದರೆ ಇನ್ನೂ ಸರಿಮಾಡಬಹುದಾದ ಜಾಗ ಯಾವುದೆಂದು ಯೋಚಿಸಿ ಎರಡೇ ಸಲ ಎಂದೆ: ಮಾರ್ಚ್ 28ಕ್ಕೆ ಯಾರು ಯಾವ ರ‍್ಯಾಕ್ ಎಣಿಸುತ್ತಾರೆಂಬ ಹಂಚಿಕೆ, 31ರಂದು ಮೊದಲ ರ‍್ಯಾಕ್ ಮುಗಿದ ಕೂಡಲೇ ಒಂದು ಫೋನ್. ಆ ಫೋನ್‌ನಲ್ಲೇ ಗೊತ್ತಾಯಿತು, ಒಬ್ಬ ಹುಡುಗ ಡಬ್ಬಿ ಎಣಿಸಿದ್ದ, ಇನ್ನೊಬ್ಬ ಪೆಟ್ಟಿಗೆ ಎಣಿಸಿದ್ದ. ಒಂದು ಪೆಟ್ಟಿಗೆಗೆ 6 ಡಬ್ಬಿ. ಒಂದೇ ರ‍್ಯಾಕನ್ನು ಮತ್ತೆ ಎಣಿಸಿದರೆ ಸಾಕಾಯಿತು. ಏಪ್ರಿಲ್ 4ಕ್ಕೆ ಗೊತ್ತಾಗಿದ್ದರೆ ಇಡೀ ಗೋದಾಮು ಮತ್ತೆ ಎಣಿಸಬೇಕಿತ್ತು. ಉಳಿದ ಹೊತ್ತಿನಲ್ಲಿ ನಾನಾಗಿ ಫೋನ್ ಮಾಡದಿರುವುದು ಕಷ್ಟವಾಯಿತು. ಆದರೆ ನಾನೇ ಗಂಟೆಗೊಮ್ಮೆ ಕೇಳುತ್ತಿದ್ದರೆ, ಕೊಟ್ಟ ಅಧಿಕಾರವನ್ನು ವಾಪಸ್ ಕಿತ್ತುಕೊಂಡ ಹಾಗೆಯೇ.

ಹೊಸಬರಿಗೆ ಇಂಥ ಇಮೇಲ್ ಒಂದೇ ಸಾಲದು. ಆಕೆ ಹಿಂದಿನ ವರ್ಷ ಎಣಿಕೆ ಕಂಡವಳು, ಅದಕ್ಕೇ ನಡೆಯಿತು. ಮೊದಲ ಸಲದವರಾದರೆ ಒಂದು ರ‍್ಯಾಕನ್ನು ಜೊತೆಗೆ ನಿಂತು ಎಣಿಸಿ ತೋರಿಸಬೇಕು.

ಇಮೇಲ್‌ನ ಕೊನೆಗೆ, "ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆದು ಕಳಿಸಿ" ಎಂದಿದ್ದೆ. ಬಂದ ಉತ್ತರದಲ್ಲಿ ಒಂದು ಪ್ರಶ್ನೆಯಿತ್ತು: "ಸೋರಿದ ಡಬ್ಬಿಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ?" ಅದು ನನಗೆ ಹೊಳೆದೇ ಇರಲಿಲ್ಲ. ಪ್ರತ್ಯೇಕ ಪಟ್ಟಿ ಮಾಡಿ ಎಂದು ಬರೆದೆ.