ನಮಸ್ಕಾರದೊಳಗಿನ ನಾನು, ನೀನು

ನಮಸ್ತೆ, ನಮಸ್ಕಾರ, ವಣಕ್ಕಂ ಈ ಮೂರಕ್ಕೂ ನಿಘಂಟು ಹೇಳುವ ಅರ್ಥ ಹೆಚ್ಚುಕಡಿಮೆ ಒಂದೇ, ಬಾಗುವುದು. ಮೂರಕ್ಕೂ ಜೋಡಿಸುವ ಕೈಗಳೂ ಅವೇ. ಆದರೆ ಮಂಡ್ಯದ ಸಂತೆಯಲ್ಲಿ ರೈತನೊಬ್ಬ ಇನ್ನೊಬ್ಬ ರೈತನಿಗೆ ‘ನಮಸ್ತೆ’ ಎಂದರೆ ಶಾಲೆಯ ಪ್ರಾರ್ಥನೆಯಿಂದ ನೇರ ಎದ್ದು ಬಂದವನಂತೆ ಕಾಣುತ್ತಾನೆ. ಅಲ್ಲಿ ಸಲ್ಲುವುದು ‘ನಮಸ್ಕಾರ ಕಣಣ್ಣಾ’. ಹಿಂದಿಯಲ್ಲಿ ಲೆಕ್ಕ ತಿರುವುಮುರುವು. ಪಕ್ಕದ ಮನೆಯವರಿಗೆ ‘ನಮಸ್ತೆ’, ವಾರ್ತೆ ಓದುವವರಿಗೂ ಸಭೆಯ ಭಾಷಣಕ್ಕೂ ‘ನಮಸ್ಕಾರ್’. ಚೆನ್ನೈಗೆ ಹೋದರೆ ‘ನಮಸ್ಕಾರಂ’ ಎಂಬ ಮಾತೇ ಹೇಳಿದವರ ಜಾತಿಯನ್ನು ಕೇಳಿದವರು ಊಹಿಸುವಂತೆ ಮಾಡಬಲ್ಲದು, ‘ವಣಕ್ಕಂ’ ಹಾಗೆ ಮಾಡುವುದಿಲ್ಲ. ಅರ್ಥ ಒಂದೇ ಆಗಿದ್ದೂ ಭಾವ ಇಷ್ಟು ಬೇರೆಯಾದದ್ದು ಏಕೆ? ಧಾತುವನ್ನು ಎಷ್ಟು ಅಗೆದರೂ ಇದಕ್ಕೆ ಉತ್ತರ ಸಿಗದು ಎಂಬುದು ನನ್ನ ವಾದ. ವಂದನೆಯ ಪದವೊಂದು ತನ್ನ ಭಾಷೆಯಲ್ಲಿ ಯಾವ ಹಳೆಯ ವಂದನೆಯನ್ನು ಪಕ್ಕಕ್ಕೆ ಸರಿಸಿ ಬಂದು ಕೂತಿತು, ಬಾಗುವವನನ್ನೂ ಬಾಗಿಸಿಕೊಳ್ಳುವವನನ್ನೂ ಎಷ್ಟರಮಟ್ಟಿಗೆ ಮರೆಮಾಡಿತು ಎಂಬುದರಿಂದ ಅದರ ಭಾವ ಹುಟ್ಟುತ್ತದೆ.

ಮೊದಲು ಪದಗಳ ಒಳರಚನೆ. ‘ನಮಸ್ತೆ’ ಎಂಬುದು ನಮಃ ಮತ್ತು ತೇ ಸೇರಿದ ಪುಟ್ಟ ವಾಕ್ಯ, ‘ನಿನಗೆ ನಮನ’. ನಮಃ ಎಂಬುದರ ಜೊತೆ ಚತುರ್ಥೀ ವಿಭಕ್ತಿ ಬರಬೇಕೆಂದು ಪಾಣಿನಿಯೇ ಸೂತ್ರ ಮಾಡಿದ್ದಾನೆ. ಆ ‘ತೇ’ ಏಕವಚನ. ರುದ್ರಾಧ್ಯಾಯದಲ್ಲಿ ರುದ್ರನನ್ನು ಹಾಗೆಯೇ ಸಂಬೋಧಿಸಲಾಗಿದೆ, ದೇವರಿಗೆ ಏಕವಚನ ಯಾವತ್ತೂ ಅಗೌರವವಲ್ಲ. ‘ನಮಸ್ಕಾರ’ದಲ್ಲಿ ನೀನೂ ಇಲ್ಲ, ನಾನೂ ಇಲ್ಲ. ಅದು ನಮಿಸುವ ಕ್ರಿಯೆಯ ಹೆಸರು ಮಾತ್ರ. ‘ವಣಕ್ಕಂ’ ಕೂಡ ಹಾಗೆಯೇ, ‘ವಣಂಗು’ ಎಂಬ ಕ್ರಿಯಾಪದದಿಂದ ಆದ ನಾಮಪದ. ಅಂದರೆ ರಚನೆಯಲ್ಲಿ ನಮಸ್ಕಾರದ ಹತ್ತಿರದ ನಂಟು ವಣಕ್ಕಂ ಜೊತೆಗೆ. ಒಂದೇ ಧಾತುವಿನ ನಮಸ್ತೆ ದೂರದ ಸಂಬಂಧಿ. ಕನ್ನಡದಲ್ಲಿ ‘ಎಲ್ಲರಿಗೂ ನಮಸ್ಕಾರ’ ಸಲೀಸಾಗಿ ಬರುತ್ತದೆ, ‘ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ’ ಎಂದು ಇನ್ನೊಬ್ಬರ ಕೈಯಲ್ಲಿ ಕಳಿಸಲೂ ಬರುತ್ತದೆ. ‘ಎಲ್ಲರಿಗೂ ನಮಸ್ತೆ’ ಎಂದರೆ ವ್ಯಾಕರಣದ ಕಿವಿಯುಳ್ಳವರಿಗೆ ಲಕೋಟೆಯ ಮೇಲೆ ಎರಡು ಬಾರಿ ವಿಳಾಸ ಬರೆದಂತೆ, ಅದೂ ಒಂದು ಎಲ್ಲರದು, ಇನ್ನೊಂದು ಒಬ್ಬನದು.

ಹಾಗಾದರೆ ‘ಎಲ್ಲರಿಗೂ ನಮಸ್ತೆ’ ಎನ್ನುವವರು ನಮ್ಮಲ್ಲೇ ಎಷ್ಟೋ ಜನ ಇದ್ದಾರಲ್ಲ, ಅವರ ಕಿವಿಗೆ ಏನೂ ಚುಚ್ಚುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಚುಚ್ಚುವುದಿಲ್ಲ, ನಿಜ. ಹಿಂದಿಯಲ್ಲಿ ‘ಉನ್ಕೋ ಮೇರೀ ನಮಸ್ತೆ ಕಹನಾ’ ಎಂದು ಅದನ್ನು ಸ್ತ್ರೀಲಿಂಗದ ನಾಮಪದವಾಗಿಯೇ ಮಾಡಿಕೊಂಡಿದ್ದಾರೆ, ಒಳಗಿನ ‘ನಿನಗೆ’ ಯಾವತ್ತೋ ಸತ್ತುಹೋಗಿದೆ. ಆದರೆ ಅದು ತಾನಾಗಿ ಸದ್ದಿಲ್ಲದೆ ಸಾಯಲಿಲ್ಲ. 1875ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆರ್ಯ ಸಮಾಜ, ದಯಾನಂದ ಸರಸ್ವತಿಯವರ ಪ್ರೇರಣೆಯಿಂದ, ಎಲ್ಲರೂ ಎಲ್ಲರಿಗೂ ಹೇಳಬಹುದಾದ ಒಂದೇ ವಂದನೆಯಾಗಿ ನಮಸ್ತೆಯನ್ನು ಎತ್ತಿ ಹಿಡಿಯಿತು. ಹಿರಿಯರಿಗೆ ‘ತೇ’ ಎಂಬ ಏಕವಚನ ಹೇಗೆ ಸಲ್ಲುತ್ತದೆ ಎಂದು ಸನಾತನಿಗಳು ಆಕ್ಷೇಪಿಸಿದರು. ಆಕ್ಷೇಪ ಮೇಲ್ನೋಟಕ್ಕೆ ವ್ಯಾಕರಣದ್ದು, ಒಳಗಿನ ಕಳವಳ ಮಾತ್ರ ಬೇರೆ. ಉತ್ತರದ ಹಳ್ಳಿಗಳಲ್ಲಿ ಬ್ರಾಹ್ಮಣರಿಗೆ ‘ಪಾಲಾಗನ್’, ಎಂದರೆ ಕಾಲಿಗೆ ಬಿದ್ದೆ ಎನ್ನಬೇಕಿತ್ತು, ಮಿಕ್ಕವರ ನಡುವೆ ರಾಮ್ ರಾಮ್ ನಡೆಯುತ್ತಿತ್ತು, ವೈಷ್ಣವ ಮನೆಗಳಲ್ಲಿ ಜೈ ಶ್ರೀಕೃಷ್ಣ. ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದರಲ್ಲೇ ಜಾತಿ, ಪಂಥ ಎರಡೂ ಬಯಲಾಗುತ್ತಿದ್ದವು. ಆ ಎಲ್ಲ ಕಡೆಯೂ ಒಂದೇ ಮಾತು ಬಂದು ಕೂತರೆ ಮೇಲು ಕೀಳನ್ನು ಕಿವಿಯಿಂದ ಗುರುತಿಸುವ ಬಗೆ ಹೇಗೆ? ಹಿಂದಿಯ ನಮಸ್ತೆಯಲ್ಲಿ ಇಂದು ಕೇಳುವ ಸಲೀಸುತನ ಆ ಜಗಳ ಗೆದ್ದಮೇಲೆ ಬಂದದ್ದು.

ವಂದನೆಯಲ್ಲಿ ಮೇಲು ಕೀಳು ಎಷ್ಟು ಸೂಕ್ಷ್ಮವಾಗಿ ಅಡಗಿರುತ್ತಿತ್ತು ಎಂಬುದಕ್ಕೆ ಮತ್ತೆ ಪಾಣಿನಿಯ ಕಡೆಗೇ ಹೋಗಬೇಕು. ಶಾಸ್ತ್ರೋಕ್ತ ಅಭಿವಾದನದಲ್ಲಿ ಬಾಗುವವನು ತನ್ನ ಹೆಸರನ್ನು ಹೇಳಿಕೊಳ್ಳುತ್ತಾನೆ, ರೂಢಿಯಲ್ಲಿ ಪ್ರವರ, ಗೋತ್ರಗಳನ್ನೂ ಸೇರಿಸುತ್ತಾನೆ. ಅದಕ್ಕೆ ಹಿರಿಯರು ಆಶೀರ್ವಾದದ ವಾಕ್ಯದಿಂದ ಉತ್ತರಿಸುವಾಗ ಕೊನೆಯಲ್ಲಿ ಬರುವ ಹೆಸರಿನ ಕಡೆಯ ಸ್ವರವನ್ನು ಮೂರು ಮಾತ್ರೆಗೆ ಎಳೆಯಬೇಕು, ದೇವದತ್ತನಾದರೆ ‘ದೇವದತ್ತಾಽಽ’ ಎಂದು. ಆದರೆ ಸೂತ್ರದಲ್ಲೇ ಒಂದು ಹೊರತು ಇದೆ, ವಂದಿಸಿದವನು ಶೂದ್ರನಾದರೆ ಎಳೆಯಬೇಕಿಲ್ಲ. ಹೆಂಗಸರಿಗೂ ಈ ಎಳೆತ ಇಲ್ಲವೆಂದು ವಾರ್ತಿಕ ಸೇರಿಸಿತು. ಈ ಎಳೆತ ಗೊತ್ತಿಲ್ಲದವರಿಗೆ ಹೆಂಗಸರಿಗೆ ಹೇಳುವಂತೆ ಬರಿದಾಗಿ ‘ನಾನು ಬಂದೆ’ ಎಂದರೆ ಸಾಕು, ಆ ಗತಿ ನಮಗೆ ಬಾರದಿರಲೆಂದೇ ವ್ಯಾಕರಣ ಓದಬೇಕು ಎಂಬ ಮಾತು ಪತಂಜಲಿಯ ಮಹಾಭಾಷ್ಯದ ಆರಂಭದಲ್ಲೇ ಬರುತ್ತದೆ. ಒಂದು ಸ್ವರದ ಉದ್ದದಲ್ಲಿ ಸಮಾಜದ ನಕ್ಷೆ ಬರೆಯಬಲ್ಲ ಭಾಷೆಗೆ ನಮಸ್ಕಾರ ಎಂಬ ಬರಿಯ ನಾಮಪದ ಎಂಥ ಬಿಡುಗಡೆ ಎಂದು ಆಗ ಅರ್ಥವಾಗುತ್ತದೆ.

ಕನ್ನಡದಲ್ಲಿ ನಮಸ್ಕಾರ ಪಕ್ಕಕ್ಕೆ ಸರಿಸಿದ್ದು ‘ಅಡ್ಡಬಿದ್ದೆ’ಯನ್ನು. ಹಳೆ ಮೈಸೂರಿನ ಸೀಮೆಯಲ್ಲಿ ಆಳು ಒಡೆಯನಿಗೆ ಹೇಳುತ್ತಿದ್ದದ್ದು ‘ಅಡ್ಡಬಿದ್ದೆ ಬುದ್ಧಿ’. ಇದು ಪೂರ್ಣ ಕ್ರಿಯಾಪದ. ಬಿದ್ದವನು ನಾನು, ಬಿದ್ದದ್ದು ಆಗಿಹೋಯಿತು ಎಂಬ ಎರಡೂ ಅದರ ಪ್ರತ್ಯಯದಲ್ಲೇ ಇವೆ. ನಿಂತಲ್ಲೇ ನಿಂತು ಹೇಳಿದರೂ ಹೇಳಿದವನು ಮಾತಿನಲ್ಲಿ ನೆಲದ ಮೇಲೆ ಮಲಗಿದ್ದಾನೆ. ತೆಲುಗಿನಲ್ಲಿ ‘ದಂಡಾಲು’ ಎಂಬ ಮಾತಿಗೂ ಇಂಥದೇ ಹಳೆಯ ಹೊರೆ ಇತ್ತು, ಅದರ ಜಾಗಕ್ಕೆ ‘ನಮಸ್ಕಾರಂ’ ಬಂದು ‘ಅಂಡಿ’ ಎಂಬ ಗೌರವದ ಬಾಲ ಕಟ್ಟಿಕೊಂಡಿತು. ಕನ್ನಡವೂ ಗೌರವವನ್ನೋ ಸಲಿಗೆಯನ್ನೋ ಬಾಲಕ್ಕೇ ವಹಿಸಿದೆ. ಧಾರವಾಡದ ‘ನಮಸ್ಕಾರ್ರೀ’, ಮಂಡ್ಯದ ‘ನಮಸ್ಕಾರ ಕಣಪ್ಪಾ’, ಮಂಗಳೂರಿನ ‘ನಮಸ್ಕಾರ ಮಾರಾಯ್ರೆ’, ಕಚೇರಿಯ ‘ನಮಸ್ಕಾರ ಸಾರ್’. ಪದ ಸಮನೆಲದಲ್ಲಿ ನಿಂತಿರುತ್ತದೆ, ಏರಿಳಿತವೆಲ್ಲ ಬಾಲದ್ದು. ಕೆಲಸ ಕೆಡಿಸಿದವನಿಗೆ ‘ನಿನಗೊಂದು ದೊಡ್ಡ ನಮಸ್ಕಾರ ಕಣಯ್ಯಾ’ ಎಂದು ಅದೇ ಪದವನ್ನು ಬೈಗುಳವಾಗಿಸುವುದೂ ಈ ಕಾರಣಕ್ಕೇ ಸಾಧ್ಯ.

ತಮಿಳಿನ ಕಥೆಗೆ ಬೇರೆ ಬಿಸಿ ಇದೆ. ವಣಕ್ಕಂ ಹೊಸದಾಗಿ ಟಂಕಿಸಿದ ಪದವೇನಲ್ಲ, ತಿರುಕ್ಕುರಳಿನಲ್ಲೇ ಬರುತ್ತದೆ. ಶತ್ರುವಿನ ಬಾಗಿದ ಮಾತನ್ನು ನಂಬಬೇಡ, ಬಿಲ್ಲು ಬಾಗುವುದೂ ಕೇಡಿಗೇ ಅಲ್ಲವೇ ಎಂದು ವಳ್ಳುವರ್ ಎಚ್ಚರಿಸುವಾಗ ಬಳಸಿದ್ದು ಇದೇ ಪದ. ಹೊಸದಾದದ್ದು ಅದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುವ ವಂದನೆಯನ್ನಾಗಿ ಮಾಡಿ ಎಲ್ಲೆಡೆ ಹರಡಿದ್ದು. 1916ರ ಹೊತ್ತಿಗೆ ಸ್ವಾಮಿ ವೇದಾಚಲಂ ಎಂಬ ತಮ್ಮ ಸಂಸ್ಕೃತದ ಹೆಸರನ್ನೇ ಮರೈಮಲೈ ಅಡಿಗಳ್ ಎಂದು ಬದಲಿಸಿಕೊಂಡವರ ತನಿತ್ತಮಿಳ್ ಚಳವಳಿ, ಆಮೇಲೆ ದ್ರಾವಿಡ ಚಳವಳಿಯ ವೇದಿಕೆಗಳು ಇದಕ್ಕೆ ಬಲ ಕೊಟ್ಟವು. ಅದು ಸರಿಸಿದ್ದು ನಮಸ್ಕಾರಂ ಎಂಬುದನ್ನೇ. ತಮಿಳು ಬ್ರಾಹ್ಮಣರ ಮನೆಗಳಲ್ಲಿ ಉಳಿದ ನಮಸ್ಕಾರಂ ಇಂದು ಹೆಚ್ಚಾಗಿ ಹಿರಿಯರ ಕಾಲಿಗೆ ಬೀಳುವ ಕ್ರಿಯೆಯನ್ನು ಹೇಳುತ್ತದೆ. ಅಂದರೆ ಕನ್ನಡದಲ್ಲಿ ಜಾತಿಯನ್ನು ಮರೆಸಲು ಒದಗಿದ ಪದವೇ ತಮಿಳಿನಲ್ಲಿ ಜಾತಿಯನ್ನು ತೋರಿಸುವ ಪದವಾಯಿತು. ಧಾತುವಿನಿಂದ ಭಾವ ಹುಟ್ಟುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ. ವೇದಿಕೆಯ ಮೇಲೆ ಬೆಳೆದದ್ದರಿಂದ ವಣಕ್ಕಂಗೆ ಸಭೆಯ ಗಾಂಭೀರ್ಯ ಅಂಟಿದೆ. ಹಿಂದಿ ವಿರೋಧಿ ಹೋರಾಟದಲ್ಲಿ ಮಡಿದವರನ್ನು ಜನವರಿ 25ರಂದು ನೆನೆಯುವುದೂ ‘ವೀರವಣಕ್ಕಂ’ ಎಂದೇ. ವ್ಯಂಗ್ಯ ಬೇಕಾದಾಗ ತಮಿಳರು ಬಹುಕಾಲ ‘ಪೆರಿಯ ಕುಂಬಿಡು’ ಎಂದು ಬೇರೆ ಪದವನ್ನೇ ಹುಡುಕಿದರು. ಈಚೆಗೆ ‘ವಣಕ್ಕಂಡಾ ಮಾಪ್ಳ’ ಎಂಬ ಮಾತು ಮೊಬೈಲುಗಳಲ್ಲಿ ಓಡಾಡಿತಲ್ಲ, ಆ ‘ಡಾ’ ಅಂಟಿದ ಮೇಲೆ ವಣಕ್ಕಂ ಕೂಡ ವೇದಿಕೆಯಿಂದ ಕೆಳಗಿಳಿದು ಕಟ್ಟೆಯ ಮೇಲೆ ಕೂತಿದೆ.

ವಣಕ್ಕಂಗೆ ಇನ್ನೊಂದು ಗುಣವಿದೆ. ಅದರೊಳಗಿನ ‘ವಣಂಗು’ ತಮಿಳರಿಗೆ ಇನ್ನೂ ಜೀವಂತ ಕ್ರಿಯಾಪದ, ದೇವರನ್ನು ಪೂಜಿಸುವುದಕ್ಕೂ ಅದೇ. ಆದ್ದರಿಂದ ಮನುಷ್ಯರಿಗೆ ವಣಕ್ಕಂ ಹೇಳಲು ಹಿಂಜರಿಯುವ ಧರ್ಮನಿಷ್ಠ ತಮಿಳು ಮುಸ್ಲಿಮರಿದ್ದಾರೆ. ಕನ್ನಡದ ಕಿವಿಗೆ ನಮಸ್ಕಾರದೊಳಗಿನ ‘ನಮಃ’ ಅಷ್ಟು ಎದ್ದು ಕೇಳುವುದಿಲ್ಲ. ಇನ್ನು ಕೇರಳದಲ್ಲಿ ಮುಸ್ಲಿಮರ ಐದು ಹೊತ್ತಿನ ನಮಾಜಿಗೆ ‘ನಿಸ್ಕಾರಂ’ ಎನ್ನುತ್ತಾರೆ, ಅದು ನಮಸ್ಕಾರವೇ ಸವೆದ ರೂಪ. ಒಂದೇ ಪದ ಒಂದು ಕಡೆ ಬ್ರಾಹ್ಮಣರ ಗುರುತಾಗಿ, ಇನ್ನೊಂದು ಕಡೆ ಮಸೀದಿಯ ಪ್ರಾರ್ಥನೆಯಾಗಿ ಉಳಿದಿದೆ.

ಇಷ್ಟೆಲ್ಲ ಹೇಳಿದರೂ ಈ ಮೂರು ಪದಗಳು ಯಾರನ್ನೂ ಸಮಾನರಾಗಿಸಲಿಲ್ಲ, ಮೊದಲು ಕೈ ಮುಗಿಯುವವನು ಇವತ್ತಿಗೂ ಕಿರಿಯನೋ ಬಡವನೋ ಕೆಳಜಾತಿಯವನೋ ಆಗಿರುತ್ತಾನೆ ಎಂಬ ಆಕ್ಷೇಪ ತೂಕದ್ದು. ಅದನ್ನು ಪದದ ಬಲದಿಂದ ತಳ್ಳಿಹಾಕಲಾಗದು. ಆದರೂ ಒಂದು ಬದಲಾವಣೆ ಆಗಿದೆ, ಅದು ವಂದನೆಗೆ ಬರುವ ಮರುಮಾತಿನಲ್ಲಿ ಆಗಿದೆ. ಬಸವಣ್ಣನಿಗೆ ಸಮಗಾರ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದನಂತೆ. ಒಂದಕ್ಕೆ ಎರಡಾಗಿ ಬಂದ ಆ ವಂದನೆಯ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಮೇಲಿನವನು ಅದೇ ಪದವನ್ನು ಹಿಂತಿರುಗಿಸುವುದು ಅಷ್ಟು ಅಪರೂಪವಾಗಿತ್ತೆಂದೇ ಆ ಕಥೆ ಹುಟ್ಟಿತು. ‘ಅಡ್ಡಬಿದ್ದೆ ಬುದ್ಧಿ’ ಎಂದವನಿಗೆ ಒಡೆಯ ‘ಅಡ್ಡಬಿದ್ದೆ’ ಎಂದು ಉತ್ತರಿಸಲು ಸಾಧ್ಯವೇ ಇರಲಿಲ್ಲ, ‘ಹೂಂ’ ಎಂದರೆ ಮರ್ಯಾದೆಗೆ ಕೊರತೆಯೂ ಆಗುತ್ತಿರಲಿಲ್ಲ. ನಮಸ್ಕಾರಕ್ಕಾದರೆ ಉತ್ತರ ನಮಸ್ಕಾರವೇ, ವಣಕ್ಕಂಗೆ ವಣಕ್ಕಂ, ನಮಸ್ತೆಗೆ ನಮಸ್ತೆ. ಜವಾನನ ‘ನಮಸ್ಕಾರ ಸಾರ್’ಗೆ ಬರಿ ತಲೆಯಾಡಿಸಿ ಒಳಗೆ ಹೋಗುವ ಅಧಿಕಾರಿಗಳು ಈಗಲೂ ಬೇಕಾದಷ್ಟು ಜನ ಇದ್ದಾರೆ. ಆದರೆ ಹೋದಮೇಲೆ ‘ಒಂದು ನಮಸ್ಕಾರಕ್ಕೂ ಗತಿಯಿಲ್ಲ ನೋಡು’ ಎಂದು ಹೊರಗೆ ಆಡಿಕೊಳ್ಳುವುದಕ್ಕೆ ಜವಾನನಿಗೆ ಈಗ ಆಸ್ಪದವಿದೆ.