‘ಅಂತೆ’ ಬಿಟ್ಟುಹೋದ ವಾಕ್ಯ

ನಮ್ಮೂರ ಕಡೆ ಒಂದು ಗಾದೆಯಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಲೆಕ್ಕ ಪರಿಶೋಧನೆ ಕಲಿಯುವಾಗ ಇದನ್ನು ನಾನು ರಸೀದಿ, ಬಿಲ್ಲು, ಬ್ಯಾಂಕ್ ಪಟ್ಟಿಗಳ ಬಗ್ಗೆ ಹೇಳಿದ ಮಾತೆಂದೇ ತಿಳಿದಿದ್ದೆ. ಮನುಷ್ಯರ ಮಾತಿಗೂ ಅದು ಅನ್ವಯಿಸುತ್ತದೆ ಎಂಬುದು ಗೊತ್ತಾದದ್ದು ಶಾರ್ಜಾದಲ್ಲಿ, ಆರು ವರ್ಷಗಳ ಹಿಂದೆ, ನಾನೇ ಬರೆದ ಎರಡು ಪುಟದ ಒಂದು ಟಿಪ್ಪಣಿಯಿಂದ.

ಆಗ ನಾನು ಕೆಲಸ ಮಾಡುತ್ತಿದ್ದದ್ದು ವಿದ್ಯುತ್ ಸಾಮಗ್ರಿ ಮಾರುವ ಒಂದು ಸಂಸ್ಥೆಯಲ್ಲಿ. ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ತಾಮ್ರದ ಕೇಬಲ್ಲಿನ 14 ಡ್ರಮ್ ಕಡಿಮೆ ಬಂದವು. ಗೋದಾಮಿನಲ್ಲಿ ಆಗಲೇ ಒಂದು ಹೆಸರು ಓಡಾಡುತ್ತಿತ್ತು: ಒಬ್ಬ ಪಿಕಪ್ ಚಾಲಕನದು. ಅವನನ್ನು ಕೆಲಸದಿಂದ ದೂರವಿಟ್ಟು ಕ್ಯಾಂಪಿನಲ್ಲೇ ಇರುವಂತೆ ಹೇಳಲಾಗಿತ್ತು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಊರಿಗೆ ಹೊರಡಬೇಕು, ಸಾಲ ಮಾತ್ರ ಅಲ್ಲೇ ಕಾದು ಕೂತಿರುತ್ತದೆ. ಇದನ್ನು ಗಲ್ಫಿನಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಕ್ಷಿ ಎಂದರೆ ರಾತ್ರಿ ಗೇಟಿನ ಕಾವಲುಗಾರ. ಹರಿಹರದ ಕಡೆಯವರು, ಐವತ್ತು ದಾಟಿದವರು. ಅವರಿಗೆ ಹಿಂದಿ ಅಷ್ಟಕ್ಕಷ್ಟೆ, ಇಂಗ್ಲಿಷ್ ಇಲ್ಲ. ಕನ್ನಡ ಬಲ್ಲವನು ಎಂಬ ಕಾರಣಕ್ಕೆ ಹೇಳಿಕೆ ಪಡೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರ ಒಪ್ಪಿಗೆ ಪಡೆದು ಸುಮಾರು ಎರಡು ಗಂಟೆ ಮಾತನ್ನು ಧ್ವನಿಮುದ್ರಿಸಿಕೊಂಡೆ. ಅಕ್ಷರಕ್ಕಿಳಿಸಿ ಇಂಗ್ಲಿಷಿಗೆ ತಂದಾಗ 38 ಪುಟವಾಯಿತು. ಅಷ್ಟನ್ನು ಯಾರೂ ಓದುವುದಿಲ್ಲ. ನಡೆದದ್ದನ್ನು ಕಾಲಕ್ರಮದಲ್ಲಿ ಎರಡು ಪುಟಕ್ಕೆ ಇಳಿಸಿ ಕೊಡಿ ಎಂದರು ಮೇಲಿನವರು. ಒಂದೇ ಸಂಜೆಯಲ್ಲಿ ಬರೆದೆ. ಅದರ ಮುಖ್ಯ ವಾಕ್ಯ ಹೀಗಿತ್ತು: ‘ಗುರುವಾರ ರಾತ್ರಿ ಸುಮಾರು 11 ಗಂಟೆಗೆ ಚಾಲಕನು ಟಾರ್ಪಾಲು ಮುಚ್ಚಿದ ಬಿಳಿ ಪಿಕಪ್ಪಿನಲ್ಲಿ ಕೇಬಲ್ ಡ್ರಮ್ಮುಗಳನ್ನು ಹೊರಗೆ ಸಾಗಿಸಿದ್ದನ್ನು ಸಾಕ್ಷಿ ಗಮನಿಸಿದರು.’

ವಾಕ್ಯ ಚೆನ್ನಾಗಿತ್ತು. ಸಲ್ಲಿಸುವ ಮುನ್ನ, ಚೀಟಿಗೂ ಖಾತೆಗೂ ತಾಳೆ ನೋಡುವ ಹಳೆಯ ಅಭ್ಯಾಸದಿಂದ, ಧ್ವನಿಮುದ್ರಣವನ್ನು ಮತ್ತೊಮ್ಮೆ ಕೇಳಿದೆ. ಆ ಜಾಗದಲ್ಲಿ ಅವರು ಆಡಿದ್ದ ಮಾತು ಇದು:

“ಊಟ ಆದ್ಮೇಲೆ ಗೇಟಲ್ಲಿ ಕೂತಿದ್ದೆ ಸಾರ್. ಬಿಳೀ ಪಿಕಪ್ ಹೊರಗೆ ಹೋತು. ಹಿಂದ್ಗಡೆ ಟಾರ್ಪಾಲು ಕಟ್ಟಿತ್ತು. ಅವ್ನೇ ಓಡಿಸ್ತಿದ್ದಿರ್ಬೇಕು, ಆ ಗಾಡಿ ದಿನಾ ಅವನೇ ಅಲ್ವಾ ಓಡ್ಸೋದು. ಡ್ರಮ್ ಹೇರ್ಕಂಡು ಹೋಗಿದ್ನಂತೆ.”

ಕನ್ನಡದ ಕ್ರಿಯಾಪದ ಎಷ್ಟು ಪ್ರಾಮಾಣಿಕ ಎಂದು ಅವತ್ತು ನನಗೆ ಹೊಳೆಯಿತು. ಗಾಡಿ ‘ಹೋತು’: ಅದು ಕಂಡದ್ದು. ಅವನೇ ಓಡಿಸುತ್ತಿದ್ದ‘ಇರಬೇಕು’: ಅದು ಊಹೆ, ಜೊತೆಗೆ ಅದರ ಕಾರಣವನ್ನೂ ಅವರೇ ಹೇಳಿದ್ದಾರೆ. ಡ್ರಮ್ ಹೇರಿಕೊಂಡು ಹೋಗಿದ್ದನ‘ಅಂತೆ’: ಅದು ಇನ್ನೊಬ್ಬರ ಬಾಯಿಂದ ಬಂದದ್ದು. ಶಾಲೆ ನಾಲ್ಕನೇ ತರಗತಿಗೆ ನಿಂತ ಮನುಷ್ಯ ಮೂರು ಬಗೆಯ ತಿಳಿವಳಿಕೆಯನ್ನು ಒಂದೇ ಉಸಿರಿನಲ್ಲಿ ಬೇರೆಬೇರೆಯಾಗಿ ಇಟ್ಟಿದ್ದರು. ಸಿ.ಎ. ಮಾಡಿದ ನಾನು ಮೂರನ್ನೂ ಕಲಸಿ, ಕೊನೆಗೆ ‘ಗಮನಿಸಿದರು’ ಎಂದು ಮುದ್ರೆ ಒತ್ತಿದ್ದೆ. ಇಂಗ್ಲಿಷಿನಲ್ಲಿ ‘ಅಂತೆ’ಗೆ ಪದವಿಲ್ಲ ಎಂದಲ್ಲ. ಸಾಲು ಸಾಲಿಗೂ ಅದನ್ನು ಸೇರಿಸಿದರೆ ಬರಹ ಒರಟಾಗುತ್ತದೆ, ಸಾಕ್ಷಿಯನ್ನೇ ನಂಬದವನಂತೆ ಕಾಣುತ್ತದೆ. ಹಾಗಾಗಿ ಕೈ ತಾನಾಗಿಯೇ ಅದನ್ನು ಬಿಟ್ಟುಬಿಡುತ್ತದೆ.

ಆ ರಾತ್ರಿ ಟಿಪ್ಪಣಿಯನ್ನು ಬದಿಗಿಟ್ಟು ಮೊದಲಿನಿಂದ ಶುರುಮಾಡಿದೆ. ಅಕ್ಷರಕ್ಕಿಳಿಸಿದ ಪ್ರತಿಯ ಪ್ರತಿ ಸಾಲಿಗೂ ಸಂಖ್ಯೆ ಕೊಟ್ಟೆ. ಒಂದೊಂದು ಸಂಗತಿಯನ್ನೂ ಒಂದೊಂದು ಸಾಲಾಗಿ ಬಿಡಿಸಿ, ಅದರ ಮುಂದೆ ನಾಲ್ಕು ಕಲಮು ಹಾಕಿದೆ: ಏನು, ಯಾವಾಗ, ಇವರಿಗೆ ಅದು ಗೊತ್ತಾದದ್ದು ಹೇಗೆ, ಮೂಲದಲ್ಲಿ ಯಾವ ಪುಟ ಯಾವ ಸಾಲು. ಮೂರನೆಯ ಕಲಮಿನಲ್ಲಿ ಬರೆಯಲು ಇದ್ದದ್ದು ಮೂರೇ ಮಾತು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಯಾವುದೆಂದು ತಿಳಿಯದಿದ್ದರೆ ಖಾಲಿ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು, ನಾನಾಗಿ ತುಂಬಬಾರದು ಎಂದು ನಿಯಮ ಹಾಕಿಕೊಂಡೆ.

ಖಾಲಿ ಬಿದ್ದ ಮೊದಲ ಜಾಗ ಸಮಯದ್ದೇ. ‘11 ಗಂಟೆ’ ಎಲ್ಲಿಂದ ಬಂತು? ಹುಡುಕಿದರೆ ಅದು ನನ್ನ ಪ್ರಶ್ನೆಯಲ್ಲಿತ್ತು. “ಹನ್ನೊಂದಾಗಿತ್ತಾ ಯಜಮಾನ್ರೆ?” ಎಂದು ನಾನು ಕೇಳಿದ್ದೆ, ಅವರು “ಹೂಂ, ಇರ್ಬಹುದು” ಎಂದಿದ್ದರು. ಅವರು ಸ್ವತಃ ಹೇಳಿದ್ದು ‘ಊಟ ಆದ್ಮೇಲೆ’ ಎಂದಷ್ಟೆ. ಊಟದ ವ್ಯಾನು ಅಂದು 9:30ಕ್ಕೆ ಬಂದದ್ದು ಅಡುಗೆಯವರ ಚೀಟಿಯಲ್ಲಿತ್ತು. ಮುಂದಿನ ಪಾಳಿಯವನು ಬಂದದ್ದು ಮಧ್ಯರಾತ್ರಿ 12ಕ್ಕೆ. ಆದ್ದರಿಂದ ಬರೆಯಬಹುದಾದದ್ದು ಇಷ್ಟೇ: 9:30ರ ನಂತರ, 12ರ ಒಳಗೆ. ಎರಡೂವರೆ ಗಂಟೆಯ ಅವಧಿಯನ್ನು ‘ಸುಮಾರು 11’ ಎಂದು ಬರೆದರೆ ಅದು ಸಂಕ್ಷೇಪವಲ್ಲ, ಹೊಸದಾಗಿ ಹುಟ್ಟಿಸಿದ ಸಾಕ್ಷ್ಯ.

ನನ್ನ ಪ್ರಶ್ನೆಯ ತಪ್ಪು ಅಷ್ಟಕ್ಕೇ ನಿಂತಿರಲಿಲ್ಲ. ಡ್ರಮ್ಮಿನ ಮಾತನ್ನು ಮೊದಲು ತೆಗೆದವನೂ ನಾನೇ. “ಡ್ರಮ್ ಹೇರಿಕೊಂಡು ಹೋದಾಗ ನೀವೆಲ್ಲಿದ್ರಿ?” ಎಂದು ಕೇಳಿದ್ದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದ್ದರು. ಕಾರು ಅಪಘಾತದ ಚಿತ್ರಗಳನ್ನು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ‘ಅಪ್ಪಳಿಸಿದಾಗ’ ಎಂಬ ಪದ ಬಳಸಿ ಕೇಳಿದವರಿಂದ ಸರಾಸರಿ 41 ಮೈಲಿಯ ಆಸುಪಾಸಿನ ಉತ್ತರ ಬಂತು, ‘ತಾಗಿದಾಗ’ ಎಂದು ಕೇಳಿದವರಿಂದ 32ರ ಆಸುಪಾಸು. ನೋಡಿದ ಚಿತ್ರ ಅದೇ, ಬದಲಾದದ್ದು ಪ್ರಶ್ನೆಯ ಒಂದು ಪದ. ಅಂದಿನಿಂದ ನನ್ನ ಪಟ್ಟಿಗೆ ಐದನೆಯ ಕಲಮು ಸೇರಿತು: ಈ ಮಾತು ಮೊದಲು ಯಾರ ಬಾಯಿಂದ ಬಂತು, ಸಾಕ್ಷಿಯದೋ, ಕೇಳಿದವನದೋ?

ಹೀಗೆ ಬಿಡಿಸಿದಾಗ ಆ ಒಂದು ವಾಕ್ಯ ನಾಲ್ಕಾಯಿತು.

ಗುರುವಾರ 9:30 ಮತ್ತು 12ರ ನಡುವೆ, ಸಾಕ್ಷಿ ಕಂಡದ್ದು: ಬಿಳಿ ಪಿಕಪ್ ಹೊರಗೆ ಹೋಯಿತು, ಹಿಂದೆ ಟಾರ್ಪಾಲು ಕಟ್ಟಿತ್ತು.
ಅದೇ ಹೊತ್ತು, ಕಾಣದ್ದು: ಚಾಲಕನ ಮುಖ, ಟಾರ್ಪಾಲಿನ ಅಡಿಯಲ್ಲಿ ಏನಿತ್ತು ಎಂಬುದು.
ಸಾಕ್ಷಿಯ ಊಹೆ: ಓಡಿಸಿದವನು ಇಂಥವನು. ಕಾರಣ, ದಿನವೂ ಆ ಗಾಡಿ ಅವನ ಕೈಯಲ್ಲಿರುತ್ತದೆ.
ಶುಕ್ರವಾರ ಬೆಳಿಗ್ಗೆ, ಕೇಳಿದ್ದು: ಡ್ರಮ್ ಹೋದವು ಎಂದು ಸ್ಟೋರಿನ ಹುಡುಗ ಹೇಳಿದ.

ಕೊನೆಯ ಸಾಲಿನ ಜಾಗ ನೋಡಿ. ‘ಅಂತೆ’ ಎಂಬುದು ಯಾರು ಹೇಳಿದ್ದು ಎಂದು ಎರಡನೆಯ ಸಲ ವಿಚಾರಿಸಿದಾಗ ಹುಡುಗನ ಹೆಸರು ಬಂತು. ಕೇಳಿದ ಮಾತನ್ನು ಅದು ಯಾವ ಘಟನೆಯ ಬಗ್ಗೆಯೋ ಆ ಹೊತ್ತಿನಲ್ಲಿ ಇಡಬಾರದು, ಕಿವಿಗೆ ಬಿದ್ದ ಹೊತ್ತಿನಲ್ಲಿ ಇಡಬೇಕು. ಗುರುವಾರ ರಾತ್ರಿಯ ಸಾಲಿಗೆ ಡ್ರಮ್ ಹತ್ತಿಕೊಂಡದ್ದು ಆ ನಿಯಮ ಮರೆತದ್ದರಿಂದ. ಹಾಗೆಂದು ‘ಅಂತೆ’ಯನ್ನು ಎಸೆಯುವಂತೆಯೂ ಇಲ್ಲ. ಅದು ಮುಂದಿನ ಸಾಕ್ಷಿಯ ವಿಳಾಸ. ಹುಡುಗನನ್ನು ಕೇಳಿದೆವು. ಅವನು ಕಂಡದ್ದು ಬೆಳಿಗ್ಗೆ ಖಾಲಿಯಾಗಿದ್ದ ಜಾಗವನ್ನು ಮಾತ್ರ. ಪಿಕಪ್ ರಾತ್ರಿ ಹೋದದ್ದು ಅವನಿಗೆ ಗೊತ್ತಾದದ್ದು ಕಾವಲುಗಾರರಿಂದಲೇ! ಒಬ್ಬರು ಖಾಲಿ ಜಾಗ ಕಂಡಿದ್ದರು, ಒಬ್ಬರು ಗಾಡಿ ಕಂಡಿದ್ದರು. ಎರಡನ್ನೂ ಹೊಲಿದ ದಾರವನ್ನು ಯಾರೂ ಕಂಡಿರಲಿಲ್ಲ.

ಊಹೆಯ ಪದರ ಕಳಚಿದ ಮೇಲೆ, ಲೆಕ್ಕದವನಾಗಿ ನಾನು ಮೊದಲೇ ಮಾಡಬೇಕಿದ್ದ ಲೆಕ್ಕವೂ ಕಣ್ಣಿಗೆ ಬಿತ್ತು. ಆ ಕೇಬಲ್ಲಿನ ಒಂದು ಡ್ರಮ್ ಸುಮಾರು 450 ಕೆ.ಜಿ. 14 ಡ್ರಮ್ ಅಂದರೆ ಆರು ಟನ್ನಿಗೂ ಹೆಚ್ಚು. ಆ ಪಿಕಪ್ ಹೊರುವುದು ಒಂದು ಟನ್ನು. ಹೇರಲು ಫೋರ್ಕ್‌ಲಿಫ್ಟ್ ಬೇಕು, ಅದನ್ನು ಓಡಿಸಿದವನ ಸುದ್ದಿಯೇ ಎಲ್ಲೂ ಇಲ್ಲ. ನುಣುಪಾದ ವಾಕ್ಯ ಓದುಗನನ್ನಷ್ಟೇ ಅಲ್ಲ, ಬರೆದವನನ್ನೂ ಪ್ರಶ್ನೆ ಕೇಳದಂತೆ ಮಾಡುತ್ತದೆ.

ಕಾಲಕ್ರಮಕ್ಕೆ ಇನ್ನೊಂದು ಅಪಾಯವಿದೆ. ‘ಬುಧವಾರ ಚಾಲಕ ಮುಂಗಡ ಸಂಬಳ ಕೇಳಿದ. ಗುರುವಾರ ಪಿಕಪ್ ಹೊರಗೆ ಹೋಯಿತು.’ ಎರಡೂ ನಿಜವೇ, ನನ್ನ ಮೊದಲ ಟಿಪ್ಪಣಿಯಲ್ಲಿ ಇದ್ದವು. ಒಂದರ ಕೆಳಗೆ ಒಂದು ಇಟ್ಟ ಕೂಡಲೇ ಓದುವವನ ಮನಸ್ಸು ನಡುವೆ ‘ಆದ್ದರಿಂದ’ ಎಂದು ಸೇರಿಸಿಕೊಳ್ಳುತ್ತದೆ. ಇದಕ್ಕೆ ನಾನು ಕಂಡುಕೊಂಡ ಮದ್ದು, ನಡುವಿನ ಖಾಲಿಯನ್ನೂ ಬರೆಯುವುದು: ಈ ಅವಧಿಯಲ್ಲಿ ಸಾಕ್ಷಿ ಗೇಟಿನಲ್ಲಿರಲಿಲ್ಲ, ಇಲ್ಲಿಂದ ಇಲ್ಲಿಯವರೆಗೆ ಅವರಿಗೆ ಏನೂ ಗೊತ್ತಿಲ್ಲ.

ಕಂಡದ್ದು ಎಂಬುದೂ ಶುದ್ಧವೇನಲ್ಲ, ಒಪ್ಪುತ್ತೇನೆ. ಹಳದಿ ದೀಪದ ಕೆಳಗೆ ‘ಬಿಳಿ’ ಎಂಬುದೂ ಒಂದು ತೀರ್ಮಾನವೇ. ಆದರೂ ಒಂದು ಗೆರೆ ಎಳೆಯಲೇಬೇಕು. ನನ್ನ ಅಳತೆಗೋಲು ಹೀಗೆ: ಈ ಗೋದಾಮನ್ನಾಗಲಿ ಈ ಜನರನ್ನಾಗಲಿ ಅರಿಯದ ಅಪರಿಚಿತನೊಬ್ಬ ಅದೇ ಜಾಗದಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದ? ಗಾಡಿ, ಬಣ್ಣ, ಟಾರ್ಪಾಲು. ‘ಅವನ ಗಾಡಿ’ ಎಂದು ಅವನು ಹೇಳಲಾರ. ಅಲ್ಲಿಂದಾಚೆಗಿನದು ಊಹೆಯ ಕಲಮಿಗೆ.

ಹೊಸ ಟಿಪ್ಪಣಿಯನ್ನು ಸಹಿಗೆ ಮುಂಚೆ ಕಾವಲುಗಾರರಿಗೆ ಕನ್ನಡದಲ್ಲೇ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಕಂಡಿದ್ದು ಇಷ್ಟೇ ಸಾರ್. ಭಾಳ ಕಮ್ಮಿ ಆತಲ್ಲ?” ಎಂದರು. ಅವರ ದನಿಯಲ್ಲಿ ಸಂಕೋಚವಿತ್ತು. ಸಾಹೇಬರಿಗೆ ಉಪಯೋಗವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಆ ‘ಅಂತೆ’ಯನ್ನೂ ಹೇಳಿದ್ದರು. “ಕಮ್ಮಿ ಇದ್ರೂ ನಿಮ್ದೇ ಅಲ್ವಾ ಯಜಮಾನ್ರೆ” ಎಂದೆ. ಹೆಬ್ಬೆಟ್ಟಲ್ಲ, ಸಹಿಯನ್ನೇ ಮಾಡಿದರು, ನಿಧಾನವಾಗಿ, ಕನ್ನಡದಲ್ಲಿ.

ಮುಂದೆ 9 ಡ್ರಮ್ಮಿನ ಲೆಕ್ಕ ಸಿಕ್ಕಿತು. ಮೂರು ವಾರ ಮೊದಲೇ ಲಾರಿಯಲ್ಲಿ ಒಂದು ಕಾಮಗಾರಿಯ ಜಾಗಕ್ಕೆ ಹೋಗಿದ್ದವು. ತಲುಪಿದ್ದಕ್ಕೆ ಅಲ್ಲಿ ಸಹಿಯಾದ ಚೀಟಿಯಿತ್ತು, ನಮ್ಮ ದಾಸ್ತಾನು ಪುಸ್ತಕದಲ್ಲಿ ಮಾತ್ರ ಏರಿರಲಿಲ್ಲ. ಉಳಿದ 5 ಕೊನೆಗೂ ಸಿಗಲಿಲ್ಲ, ನಷ್ಟವೆಂದು ಬರೆದೆವು. ಆ ರಾತ್ರಿ ಗೆಳೆಯನ ಹಾಸಿಗೆ ಸಾಮಾನು ಸಾಗಿಸಿದೆ ಎಂದ ಚಾಲಕ. ಅದನ್ನೂ ‘ಚಾಲಕ ಹೇಳಿದ್ದು’ ಎಂದೇ ಬರೆದೆ, ನಿಜವೆಂದಲ್ಲ, ಸುಳ್ಳೆಂದೂ ಅಲ್ಲ. ಅವನ ಮೇಲೆ ಏನನ್ನೂ ಹೊರಿಸಲು ಆಧಾರವಿರಲಿಲ್ಲವಾದ್ದರಿಂದ ಅವನು ಕೆಲಸಕ್ಕೆ ಮರಳಿದ.

ಅವನು ನಿರಪರಾಧಿಯೇ ಎಂದು ನನ್ನನ್ನು ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ. ಆ 5 ಡ್ರಮ್ ಇಂದಿಗೂ ನನ್ನ ಮನಸ್ಸಿನ ಖಾತೆಯಲ್ಲಿ ಬಾಕಿ ಇವೆ. ಆದರೆ ನನ್ನ ಮೊದಲ ವಾಕ್ಯ ಹಾಗೆಯೇ ಹೋಗಿದ್ದರೆ, ಯಾರೂ ಕಾಣದ ಒಂದು ಸಂಗತಿಗೆ ಕಾವಲುಗಾರರು ಸಾಕ್ಷಿಯಾಗುತ್ತಿದ್ದರು, ಅದನ್ನು ನಂಬಿ ಒಬ್ಬನನ್ನು ವಿಮಾನ ಹತ್ತಿಸುತ್ತಿದ್ದರು. ಅಲ್ಲಿ ಸುಳ್ಳು ಹೇಳಿದವರು ಯಾರೂ ಇರುತ್ತಿರಲಿಲ್ಲ. 38 ಪುಟವನ್ನು ಎರಡು ಪುಟಕ್ಕೆ ಇಳಿಸುವಾಗ ಎರಡಕ್ಷರದ ಒಂದು ಮಾತು ಬಿಟ್ಟುಹೋಗಿರುತ್ತಿತ್ತು, ಅಷ್ಟೆ.